ಹೂ, ರಂಗೋಲಿ, ಪುಟ್ಟ ವೇದಿಕೆ: ಮೊದಲ ಆರ್ಡರ್ ಹಿಡಿಯುವ ಮುಂಚೆ ಹಾಕಬೇಕಾದ ಲೆಕ್ಕ

"ರಂಗೋಲಿ ಚೆನ್ನಾಗಿ ಹಾಕ್ತೀನಿ, ಹೂ ಕಟ್ಟೋದೂ ಬರುತ್ತೆ. ಅಕ್ಕಪಕ್ಕದವರು ಸೀಮಂತಕ್ಕೆ, ನಾಮಕರಣಕ್ಕೆ ಕರೀತಾರೆ. ಆದ್ರೆ ರೇಟ್ ಎಷ್ಟು ಹೇಳಬೇಕು ಗೊತ್ತಾಗಲ್ಲ." ಈ ಪ್ರಶ್ನೆ ಕೇಳುವವರು ತುಂಬಾ ಜನ. ಇವರಿಗೆ ಕೆಲಸ ಕಲಿಸಬೇಕಾಗಿಲ್ಲ. ಕಲಿಯಬೇಕಾಗಿರುವುದು ಕೆಲಸ ಒಪ್ಪಿಕೊಳ್ಳುವ ಮುಂಚಿನ ಲೆಕ್ಕವನ್ನು. ಹೂವಿನ ಬೆಲೆಗೆ ಒಂದಿಷ್ಟು ಸೇರಿಸಿ ಬಾಯಿಗೆ ಬಂದ ಮೊತ್ತ ಹೇಳುತ್ತಾರೆ. ಎರಡು ದಿನ ದುಡಿದ ಮೇಲೆ ಕೈಯಲ್ಲಿ ಉಳಿಯುವುದು ಆಟೋ ಚಾರ್ಜ್ ಅಷ್ಟೇ.

ಹಾಗಾಗಿ ಇಲ್ಲಿ ದೊಡ್ಡ ಮದುವೆ ಮಂಟಪದ ಮಾತು ಬೇಡ. ಅದಕ್ಕೆ ಬಂಡವಾಳ ಬೇಕು, ಹತ್ತಾರು ಜನ ಬೇಕು. ಒಬ್ಬರು, ಜೊತೆಗೆ ಇನ್ನೊಬ್ಬರು ಸೇರಿ ಮಾಡಬಹುದಾದ ಒಂದೇ ಆರ್ಡರ್ ತೆಗೆದುಕೊಂಡು ಮೊದಲಿಂದ ಕೊನೆವರೆಗೆ ನೋಡೋಣ. ಭಾನುವಾರ ಬೆಳಿಗ್ಗೆ 10:30ಕ್ಕೆ ಒಂದು ಸಣ್ಣ ಹಾಲ್‌ನಲ್ಲಿ ಸೀಮಂತ. ಮನೆಯವರು ಕೇಳಿರುವುದು ಇಷ್ಟು: ದಂಪತಿ ಕೂರುವ ಜಾಗದ ಹಿಂದೆ 8 ಅಡಿ ಅಗಲ, 8 ಅಡಿ ಎತ್ತರದ ಹೂವಿನ ಬ್ಯಾಕ್‌ಡ್ರಾಪ್ (ಫೋಟೋದಲ್ಲಿ ಹಿನ್ನೆಲೆಯಾಗಿ ಕಾಣುವ ಅಲಂಕಾರ), ಇಬ್ಬರಿಗೂ ಒಂದೊಂದು ಹಾರ, ಬಾಗಿಲ ಬಳಿ 4 ಅಡಿ ಅಗಲದ ಹೂವಿನ ರಂಗೋಲಿ, ಬಾಗಿಲಿಗೆ ತೋರಣ.

1. ಜಾಗ ನೋಡದೆ ರೇಟ್ ಹೇಳಬೇಡಿ

ಫೋನ್‌ನಲ್ಲಿ "ಸುಮಾರು ಎಷ್ಟಾಗುತ್ತೆ?" ಅಂತ ಕೇಳುತ್ತಾರೆ. "ಜಾಗ ನೋಡಿ ಹೇಳ್ತೀನಿ" ಅನ್ನಿ, ಅಷ್ಟೇ. ಬಾಯಿಂದ ಒಂದು ಸಲ ಮೊತ್ತ ಬಂದರೆ ಆಮೇಲೆ ಅದನ್ನು ಏರಿಸುವುದು ಕಷ್ಟ.

ಟೇಪ್ ತಗೊಂಡು ಹೋಗಿ ಸೀಲಿಂಗ್ ಎತ್ತರ, ವೇದಿಕೆಯ ಅಗಲ, ಬಾಗಿಲಿನ ಅಗಲ ಅಳೆಯಿರಿ. ಗೋಡೆಗೆ ಮೊಳೆ ಹೊಡೆಯಲು, ಟೇಪ್ ಅಂಟಿಸಲು ಬಿಡುತ್ತಾರಾ ಕೇಳಿ. ತುಂಬಾ ಹಾಲ್‌ಗಳಲ್ಲಿ ಬಿಡುವುದಿಲ್ಲ. ಬಣ್ಣ ಕಿತ್ತು ಬಂದರೆ ಠೇವಣಿಯಲ್ಲಿ ಮುರಿದುಕೊಳ್ಳುತ್ತಾರೆ, ಆಮೇಲೆ ಮನೆಯವರು ನಿಮ್ಮ ಕಡೆ ನೋಡುತ್ತಾರೆ. ಮೊಳೆ ಇಲ್ಲ ಅಂದರೆ ನೆಲದ ಮೇಲೆ ತಾನೇ ನಿಲ್ಲುವ ಪೈಪ್ ಸ್ಟ್ಯಾಂಡ್ ಬೇಕು, ಕಾಲಿನ ಮೇಲೆ ಇಡಲು ಮರಳಿನ ಚೀಲ ಬೇಕು. ಇದು ಖರ್ಚಿನ ಬಾಬ್ತು, ನೆನಪಿರಲಿ.

ಹಾಲ್ ಎಷ್ಟು ಹೊತ್ತಿಗೆ ತೆರೆಯುತ್ತಾರೆ, ಎಷ್ಟು ಹೊತ್ತಿಗೆ ಖಾಲಿ ಮಾಡಬೇಕು ಎಂಬುದೂ ಮುಖ್ಯ. ಹಿಂದಿನ ರಾತ್ರಿ ಅಲ್ಲಿ ಬೇರೆ ಕಾರ್ಯಕ್ರಮ ಇದ್ದರೆ ಬೆಳಿಗ್ಗೆ ಆರಕ್ಕೂ ಒಳಗೆ ಬಿಡದಿರಬಹುದು. ಫ್ಯಾನ್ ಎಲ್ಲಿದೆ ನೋಡಿ. ಅದರ ಕೆಳಗೆ ಪುಡಿಯ ರಂಗೋಲಿಯೂ ನಿಲ್ಲಲ್ಲ, ಎಸಳಿನ ರಂಗೋಲಿಯೂ ನಿಲ್ಲಲ್ಲ.

ಇನ್ನೊಂದು ಮಾತು. ಮನೆಯವರು ಮೊಬೈಲ್‌ನಲ್ಲಿ ಯಾವುದೋ ದೊಡ್ಡ ಮದುವೆಯ ಫೋಟೋ ತೋರಿಸಿ "ಹೀಗೇ ಬೇಕು" ಅನ್ನುತ್ತಾರೆ. ಆ ಫೋಟೋದಲ್ಲಿ ಆರ್ಕಿಡ್, ಕಾರ್ನೇಶನ್ ತುಂಬಿರುತ್ತದೆ. ಆಗಲ್ಲ ಅನ್ನುವ ಬದಲು, ಫೋಟೋದಲ್ಲಿ ಯಾವುದು ಇಷ್ಟವಾಯ್ತು ಕೇಳಿ. ಬಣ್ಣವೋ, ಆಕಾರವೋ, ಹೂವು ಒತ್ತಾಗಿರುವುದೋ? ಸಾಮಾನ್ಯವಾಗಿ ಬಣ್ಣ ಮತ್ತು ಆಕಾರವೇ ಆಗಿರುತ್ತದೆ. ಅವೆರಡನ್ನೂ ಚೆಂಡು ಹೂವು, ಸೇವಂತಿಗೆಯಲ್ಲೇ ತರಬಹುದು.

2. ಹೂವನ್ನು ಎಲ್ಲಿ ಹಾಕಬೇಕು ಎಂದು ಮೊದಲು ತೀರ್ಮಾನಿಸಿ

ಹೊಸಬರು 8 ಅಡಿ ಉದ್ದದ ಸರಗಳನ್ನು ಒಂದೇ ಸಮ ಇಳಿಬಿಡುತ್ತಾರೆ. ಅದರಲ್ಲಿ ಕೆಳಗಿನ ಮೂರು ಅಡಿ ಕುರ್ಚಿಯ ಹಿಂದೆ, ಸೀರೆಯ ನೆರಿಗೆಯ ಹಿಂದೆ ಹೋಗುತ್ತದೆ. ಯಾರ ಕಣ್ಣಿಗೂ ಬೀಳದ ಹೂವಿಗೆ ದುಡ್ಡು ಕೊಟ್ಟ ಹಾಗಾಯ್ತು.

ಕುರ್ಚಿಯಲ್ಲಿ ಕೂತವರ ತಲೆ ನೆಲದಿಂದ ಸುಮಾರು ನಾಲ್ಕು, ನಾಲ್ಕೂಕಾಲು ಅಡಿಗೆ ಬರುತ್ತದೆ. ಆರತಿ ಮಾಡುವವರು, ಬಳೆ ತೊಡಿಸುವವರು ಪಕ್ಕದಲ್ಲಿ ನಿಂತಿರುತ್ತಾರೆ. ಅಂದರೆ ಫೋಟೋದಲ್ಲಿ ಎದ್ದು ಕಾಣುವುದು ಮೂರು ಅಡಿಯಿಂದ ಮೇಲಿನ ಭಾಗ ಮತ್ತು ಎರಡು ಬದಿಗಳು. ಹೂವು ಅಲ್ಲಿ ಒತ್ತಾಗಿರಲಿ.

ನಮ್ಮ ಸೀಮಂತಕ್ಕೆ ಹೀಗೆ ಮಾಡೋಣ. ಹಿಂದೆ ತಿಳಿ ಹಸಿರು ಅಥವಾ ಕೆನೆ ಬಣ್ಣದ ಪರದೆ. ಮುಂದೆ 12 ಸರ. ಎರಡೂ ಅಂಚಿನಲ್ಲಿ ಎರಡೆರಡು ಸರ 7 ಅಡಿ ಉದ್ದ, ಅದರ ಒಳಗೆ ಎರಡೆರಡು ಸರ 5 ಅಡಿ, ನಟ್ಟನಡುವಿನ ನಾಲ್ಕು ಸರ ತಲಾ 3 ಅಡಿ. ದೂರದಿಂದ ನೋಡಿದರೆ ಕಮಾನಿನ ಆಕಾರ ಬರುತ್ತದೆ, ನಡುವಿನ ಸರ ತಲೆಯ ಮೇಲೆ ನಿಲ್ಲುತ್ತದೆ. ಸರದಿಂದ ಸರಕ್ಕೆ ಎಂಟೂವರೆ ಇಂಚು ಬಿಡಿ. ಒಟ್ಟು ಉದ್ದ ಕೂಡಿಸಿ: 28 ಮತ್ತು 20 ಮತ್ತು 12, ಅಂದರೆ 60 ಅಡಿ. ಸಮನಾಗಿ ಇಳಿಬಿಟ್ಟಿದ್ದರೆ 96 ಅಡಿ ಬೇಕಾಗುತ್ತಿತ್ತು.

ಪರದೆ ಬಗ್ಗೆ ಒಂದು ಎಚ್ಚರಿಕೆ. 8 ಅಡಿ ಜಾಗಕ್ಕೆ 8 ಅಡಿ ಬಟ್ಟೆ ತಂದರೆ ಬೆಡ್‌ಶೀಟ್ ಒಣಹಾಕಿದ ಹಾಗೆ ಕಾಣುತ್ತದೆ. ನೆರಿಗೆ ಬರಬೇಕಾದರೆ ಅಗಲದ ಒಂದೂವರೆಯಿಂದ ಎರಡು ಪಟ್ಟು, ಅಂದರೆ 12ರಿಂದ 16 ಅಡಿ ಬಟ್ಟೆ ಬೇಕು.

3. ಒಂದು ಅಡಿ ಪೋಣಿಸಿ, ಎಣಿಸಿ, ತೂಗಿ

ಇಡೀ ಕಸುಬಿನ ಲೆಕ್ಕ ನಿಂತಿರುವುದು ಇದರ ಮೇಲೆ. ಎಷ್ಟು ಕೆ.ಜಿ. ಹೂ ಬೇಕು ಎಂದು ಇನ್ನೊಬ್ಬರನ್ನು ಕೇಳಿದರೆ ಅವರ ಕೈಯ ಲೆಕ್ಕ ಹೇಳುತ್ತಾರೆ. ನಿಮ್ಮ ಕೈ ಎಷ್ಟು ಒತ್ತಾಗಿ ಪೋಣಿಸುತ್ತದೋ ಅದು ಬೇರೆ. ಅರ್ಧ ಕೆ.ಜಿ. ಚೆಂಡು ಹೂ ತಂದು ಮನೆಯಲ್ಲೇ ನೋಡಿ.

ಮೊದಲು ಎಷ್ಟು ಹೂವಿದೆ ಎಣಿಸಿ. ಆಮೇಲೆ ಸರಿಯಾಗಿ ಒಂದು ಅಡಿ ಪೋಣಿಸಿ, ಎಷ್ಟು ಹಿಡಿಯಿತು ನೋಡಿ. ಮಧ್ಯಮ ಗಾತ್ರದ ಹೂವಿಗೆ ಒಂದು ಅಡಿಗೆ 12 ಹೂ ಬೇಕಾಯ್ತು, ಕೆ.ಜಿ.ಗೆ 150 ಹೂ ಬಂತು ಅಂದುಕೊಳ್ಳಿ. 60 ಅಡಿಗೆ 720 ಹೂ. 150ರಿಂದ ಭಾಗಿಸಿದರೆ 4.8 ಕೆ.ಜಿ. ಮುರಿದದ್ದು, ಕೊಳೆತದ್ದು ಅಂತ ಶೇಕಡ 15 ಸೇರಿಸಿದರೆ ಐದೂವರೆ. 6 ಕೆ.ಜಿ. ತನ್ನಿ.

ಇದೇ ಹೊತ್ತಿನಲ್ಲಿ ಗಡಿಯಾರವನ್ನೂ ನೋಡಿ. ಗಂಟೆಗೆ ಎಷ್ಟು ಅಡಿ ಆಗುತ್ತದೆ? ಹೊಸ ಕೈ ಆದರೆ 10 ಅಡಿ ಅಂತ ಇಟ್ಟುಕೊಳ್ಳಿ. 60 ಅಡಿಗೆ ಆರು ಗಂಟೆ, ಇಬ್ಬರು ಕೂತರೆ ಮೂರು. ಈ ಸಮಯವನ್ನು ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ರೇಟ್ ಹಾಕುವಾಗ ಬೇಕಾಗುವುದು ಇದೇ.

ರಂಗೋಲಿಗೂ ಇದೇ ದಾರಿ. ಕಾಲು ಕೆ.ಜಿ. ಚೆಂಡು ಹೂವಿನ ಎಸಳು ಬಿಡಿಸಿ ನೆಲ ಕಾಣದ ಹಾಗೆ ಹರಡಿ ಅಳೆಯಿರಿ. ಒಂದು ಚದರ ಅಡಿ ತುಂಬಿತು ಅಂತಿಟ್ಟುಕೊಂಡರೆ, 4 ಅಡಿ ಅಗಲದ ವೃತ್ತ ಸುಮಾರು ಹನ್ನೆರಡೂವರೆ ಚದರ ಅಡಿ. ಅದರಲ್ಲಿ ಒಂದು ಭಾಗ ಗುಲಾಬಿ ಎಸಳು, ಹಸಿರೆಲೆಗೆ ಹೋಗುತ್ತದೆ. ಚೆಂಡು ಹೂ 3 ಕೆ.ಜಿ. ಸಾಕು.

ಮಲ್ಲಿಗೆ, ಕಾಕಡ, ಕನಕಾಂಬರ ಕೊಳ್ಳುವಾಗ ಮಾತ್ರ ಅಳತೆ ಬದಲಾಗುತ್ತದೆ. ಕಟ್ಟಿದ ಹೂವನ್ನು ಮೊಳ, ಮಾರು ಲೆಕ್ಕದಲ್ಲಿ ಮಾರುತ್ತಾರೆ. ನಾಲ್ಕು ಮೊಳ ಸೇರಿ ಒಂದು ಮಾರು. ಮೊಳ ಅನ್ನೋದು ಮೊಣಕೈಯಿಂದ ಬೆರಳ ತುದಿವರೆಗಿನ ಉದ್ದ, ಯಾರ ಕೈ ಅನ್ನೋದರ ಮೇಲೆ ಅದು ನಿಂತಿದೆ! ಆದ್ದರಿಂದ ಗಿರಾಕಿಗೆ ನೀವು ಹೇಳುವಾಗ ಅಡಿ ಲೆಕ್ಕದಲ್ಲೇ ಹೇಳಿ. ಉಡುಪಿ ಕಡೆಯ ಶಂಕರಪುರ ಮಲ್ಲಿಗೆಯಾದರೆ ಚೆಂಡು, ಅಟ್ಟೆ ಲೆಕ್ಕ. ನಾಲ್ಕು ಚೆಂಡಿಗೆ ಒಂದು ಅಟ್ಟೆ.

4. ರೇಟ್ ಹಾಕುವುದು

ಈಗ ಪೆನ್ನು ಹಿಡಿಯಿರಿ. ಕೆಳಗಿನ ಬೆಲೆಗಳು ಲೆಕ್ಕ ತೋರಿಸಲು ಇಟ್ಟುಕೊಂಡವು. ನಿಮ್ಮ ಊರಿನ ಆ ವಾರದ ಬೆಲೆ ಹಾಕಿಕೊಳ್ಳಿ.

ಚೆಂಡು ಹೂ ಸರಕ್ಕೆ 6, ರಂಗೋಲಿಗೆ 3, ಒಟ್ಟು 9 ಕೆ.ಜಿ. ಕೆ.ಜಿ.ಗೆ 80 ಅಂದರೆ 720 ರೂಪಾಯಿ. ಹಾರಕ್ಕೆ ಮತ್ತು ಪರದೆಯ ಮೇಲಂಚಿಗೆ ಬಿಳಿ ಸೇವಂತಿಗೆ ಎರಡೂವರೆ ಕೆ.ಜಿ., 400 ರೂಪಾಯಿ. ಬಿಡಿ ಗುಲಾಬಿ, ಅಂದರೆ ಕಡ್ಡಿ ಇಲ್ಲದ್ದು, ಒಂದೂವರೆ ಕೆ.ಜಿ. 300. ದವನ, ಮಾವಿನ ಸೊಪ್ಪು, ಒಂದು ಜೊತೆ ಬಾಳೆಕಂದು 280. ನೂಲು, ರಿಬ್ಬನ್ 100. ಹೂವಿನ ಬಾಬ್ತು ಒಟ್ಟು 1,800 ರೂಪಾಯಿ.

ತುಂಬಾ ಜನ ಇಲ್ಲಿಗೇ ನಿಲ್ಲಿಸುತ್ತಾರೆ. "ಹೂವಿಗೆ 1,800, ನಾನು 5,000 ಹೇಳಿದೆ, 3,200 ಲಾಭ" ಅಂತ ಖುಷಿ. ಮುಂದಿನದನ್ನು ನೋಡಿ. ಮಾರುಕಟ್ಟೆಗೆ ಮತ್ತು ಹಾಲ್‌ಗೆ ಹೋಗಿ ಬರುವ ಆಟೋ 700. ಸ್ಟ್ಯಾಂಡ್, ಪರದೆ ಬಾಡಿಗೆ 800. ಜೊತೆಗೆ ಕೂತು ಪೋಣಿಸುವವರಿಗೆ, ಬೆಳಿಗ್ಗೆ ಕಟ್ಟಲು ಬರುವವರಿಗೆ ಕೂಲಿ 900. ಒಟ್ಟು ಖರ್ಚು 4,200. ಅಂದರೆ 5,000 ಹೇಳಿದವರಿಗೆ ಉಳಿಯುವುದು 800.

ಈಗ ನಿಮ್ಮ ಸಮಯ. ಜಾಗ ನೋಡಲು ಒಂದು ಗಂಟೆ, ಮಾರುಕಟ್ಟೆ ಎರಡೂವರೆ, ಸರ ಪೋಣಿಸಲು ಮೂರು, ಹಾರಕ್ಕೆ ಮೂರು, ಎಸಳು ಬಿಡಿಸಲು ಒಂದು, ಹಾಲ್‌ನಲ್ಲಿ ಕಟ್ಟಲು ಮೂರು, ಬಿಚ್ಚಿ ತೊಳೆದು ತರಲು ಒಂದೂವರೆ. ಒಟ್ಟು 15 ಗಂಟೆ. 800 ರೂಪಾಯಿಯನ್ನು 15 ಗಂಟೆಗೆ ಹಂಚಿದರೆ ಗಂಟೆಗೆ 53 ರೂಪಾಯಿ. ಅದೂ ನಿದ್ದೆಗೆಟ್ಟು.

ಅದರ ಬದಲು ಹೀಗೆ ಹಾಕಿ. ಖರ್ಚು 4,200. ನಿಮ್ಮ ಕೈಗೆಲಸ ಗಂಟೆಗೆ 150ರಂತೆ 2,250. ಹೂ ಏರಬಹುದು, ಆಟೋ ಇನ್ನೊಂದು ಸಲ ಬೇಕಾಗಬಹುದು ಅಂತ ಖರ್ಚಿನ ಹತ್ತನೇ ಒಂದು ಭಾಗ, 420. ಒಟ್ಟು 6,870. ಗಿರಾಕಿಗೆ 7,000 ಹೇಳಿ.

"ಏನಕ್ಕಾ, ಇಷ್ಟು ಜಾಸ್ತಿ ಹೇಳ್ತೀರ? ಮನೆ ಪಕ್ಕದವರಲ್ವಾ?" ಅನ್ನುತ್ತಾರೆ. ಆಗ ಸುಮ್ನೆ ಸಾವಿರ ಇಳಿಸಬೇಡಿ. ಇಳಿಸುವುದಾದರೆ ಕೆಲಸವನ್ನೂ ಇಳಿಸಿ. "ಹೂವಿನ ರಂಗೋಲಿ ಬದಲು ಪುಡಿ ರಂಗೋಲಿ ಹಾಕಿದರೆ ಇಷ್ಟು ಕಡಿಮೆ ಆಗುತ್ತೆ" ಅಂತ ಎದುರಿಗೇ ಲೆಕ್ಕ ಮಾಡಿ ತೋರಿಸಿ. ಅರ್ಥ ಮಾಡಿಕೊಳ್ಳುವವರು ಒಪ್ಪುತ್ತಾರೆ. ಬರೀ ಚೌಕಾಸಿಗೆ ಇಳಿಸಿದರೆ ಮುಂದಿನ ಸಲ, ಅವರ ನಾದಿನಿ ಮನೆಗೂ, ಅದೇ ರೇಟ್ ಆಗುತ್ತದೆ.

ಒಪ್ಪಿದ ಮೇಲೆ ವಾಟ್ಸಾಪ್‌ನಲ್ಲಿ ನಾಲ್ಕು ಸಾಲು ಬರೆದು ಕಳಿಸಿ. ಏನೇನು ಮಾಡಿಕೊಡುತ್ತೀರಿ, ಅಳತೆ, ಒಟ್ಟು ಮೊತ್ತ, ಹೇಳಿದ ಹೂ ಸಿಗದಿದ್ದರೆ ಅದೇ ಬಣ್ಣದ ಬೇರೆ ಹೂ ಹಾಕುತ್ತೇನೆ ಎಂಬ ಮಾತು. ಅರ್ಧ ಮುಂಗಡ ಬಂದ ಮೇಲೆ ಮಾತ್ರ ಮಾರುಕಟ್ಟೆಗೆ ಹೋಗಿ. ಉಳಿದ ಅರ್ಧ ಅಲಂಕಾರ ಮುಗಿದ ಕೂಡಲೇ, ನೆಂಟರು ಬರುವ ಮುಂಚೆ. ಊಟ ಮುಗಿದ ಮೇಲೆ ಕೇಳಿದರೆ ದುಡ್ಡು ಇಟ್ಟುಕೊಂಡವರು ಯಾರು ಅಂತ ಹುಡುಕಬೇಕಾಗುತ್ತದೆ.

ಹಬ್ಬದ ಹತ್ತಿರ ಬಂದ ಆರ್ಡರ್‌ಗೆ ಹಳೇ ರೇಟ್ ಹೇಳಲೇಬೇಡಿ. ವರಮಹಾಲಕ್ಷ್ಮಿ, ಗಣೇಶನ ಹಬ್ಬ, ಆಯುಧಪೂಜೆ ಸಮಯದಲ್ಲಿ ಹೂವಿನ ಬೆಲೆ ಎರಡು ಮೂರು ದಿನದಲ್ಲೇ ಹಲವು ಪಟ್ಟು ಏರುತ್ತದೆ. ಮಲ್ಲಿಗೆ, ಕನಕಾಂಬರದ ಮಾತಂತೂ ಕೇಳಲೇಬೇಡಿ. ಆಷಾಢದಲ್ಲಿ, ಪಿತೃಪಕ್ಷದಲ್ಲಿ ಶುಭಕಾರ್ಯ ಕಡಿಮೆ, ಹೂ ಅಗ್ಗ. ಆದರೆ ಆಗ ನಿಮಗೆ ಆರ್ಡರ್ ಕೂಡ ಕಡಿಮೆ.

5. ಹೂ ಕೊಳ್ಳುವುದು, ಕಾಯ್ದಿಡುವುದು

ಬೆಂಗಳೂರಿನ ಕೆ.ಆರ್. ಮಾರುಕಟ್ಟೆ ಇರಲಿ, ಮೈಸೂರಿನ ದೇವರಾಜ ಮಾರುಕಟ್ಟೆ ಇರಲಿ, ಹೊಸ ಸರಕು ಸಿಗುವುದು ನಸುಕಿನಲ್ಲಿ. ಮಧ್ಯಾಹ್ನ ಬೆಲೆ ಇಳಿದಿರುತ್ತದೆ, ಹೂವೂ ಸೋತಿರುತ್ತದೆ. ಭಾನುವಾರದ ಕೆಲಸಕ್ಕೆ ಶನಿವಾರ ನಸುಕಿನಲ್ಲೇ ಹೋಗಿ.

ಮೂಟೆಯ ಮೇಲಿನ ಹೂ ನೋಡಿ ಮೋಸ ಹೋಗಬೇಡಿ. ಕೈಯನ್ನು ಮೂಟೆಯ ನಡುವಿಗೆ ಇಳಿಸಿ. ಒಳಗೆ ಬಿಸಿ ತಾಗಿದರೆ ಕೊಳೆಯಲು ಶುರುವಾಗಿದೆ ಅಂತ. ಒಂದು ಚೆಂಡು ಹೂವನ್ನು ತಲೆಕೆಳಗಾಗಿ ಹಿಡಿದು ಬೆರಳಿಂದ ಮೆಲ್ಲಗೆ ತಟ್ಟಿ. ಎಸಳು ಉದುರಿದರೆ ನಾಳೆ ಬೆಳಿಗ್ಗೆವರೆಗೆ ಬಾರದು. ಸೇವಂತಿಗೆಯಲ್ಲಿ ಹಿಂಬದಿಯ ಎಸಳು ನೋಡಿ. ಕಂದು ಬಣ್ಣ ಮೊದಲು ಕಾಣಿಸುವುದು ಅಲ್ಲಿ.

ಮನೆಗೆ ತಂದ ಕೂಡಲೇ ಚೀಲ ಬಿಚ್ಚಿ, ನೆರಳಲ್ಲಿ ಗೋಣಿ ತಾಟಿನ ಮೇಲೋ ಹತ್ತಿ ಬಟ್ಟೆಯ ಮೇಲೋ ತೆಳ್ಳಗೆ ಹರಡಿ. ಚೆಂಡು ಹೂವಿಗೆ ನೀರು ಚಿಮುಕಿಸುವ ಅಭ್ಯಾಸ ತುಂಬಾ ಜನಕ್ಕಿದೆ. ಬೇಡ. ಒತ್ತಾದ ಎಸಳಿನ ನಡುವೆ ನೀರು ನಿಂತು ಒಳಗಿಂದ ಕೊಳೆಯುತ್ತದೆ. ಬಾಡದಿರಲಿ ಅಂತ ಮೇಲೊಂದು ಒದ್ದೆ ಬಟ್ಟೆ ಹಿಂಡಿ ಹೊದಿಸಿದರೆ ಸಾಕು.

ಮಲ್ಲಿಗೆ ಮೊಗ್ಗು ಸಂಜೆ ಅರಳುತ್ತದೆ. ಮರುದಿನ ಬೆಳಿಗ್ಗೆಗೆ ಮೊಗ್ಗಾಗಿಯೇ ಬೇಕಾದರೆ ಕಟ್ಟಿದ ಮೇಲೆ ಬಾಳೆಲೆಯಲ್ಲಿ ಸುತ್ತಿ, ಡಬ್ಬಿಯಲ್ಲಿಟ್ಟು ಫ್ರಿಜ್ಜಿನ ಕೆಳಗಿನ ತಟ್ಟೆಯಲ್ಲಿಡಿ. ಫ್ರೀಜರ್ ಹತ್ತಿರ ಇಟ್ಟರೆ ಕಪ್ಪಾಗುತ್ತದೆ. ಯಾರಾದರೂ ಆರ್ಕಿಡ್ ಕೇಳಿ ನೀವು ತಂದಿದ್ದರೆ ಅದನ್ನು ಫ್ರಿಜ್ಜಿನಲ್ಲಿ ಇಡಲೇಬೇಡಿ. ಅದು ಬಿಸಿ ಸೀಮೆಯ ಹೂ, ಚಳಿಗೆ ಕಂದುತ್ತದೆ.

6. ಪೋಣಿಸುವುದು ಮತ್ತು ಹಾರ

ಸರಕ್ಕೆ ದಪ್ಪ ಹತ್ತಿ ನೂಲನ್ನು ಎರಡೆಳೆ ಮಾಡಿಕೊಳ್ಳಿ. ನೈಲಾನ್ ದಾರ ಗಟ್ಟಿ, ನಿಜ. ಆದರೆ ತೆಳ್ಳಗಿನ ನೈಲಾನ್ ಹೂವಿನ ತೊಟ್ಟನ್ನು ಕತ್ತರಿಸುತ್ತದೆ. ದಬ್ಬಣವನ್ನು ತೊಟ್ಟಿನ ಬುಡದಿಂದ ಹೂವಿನ ನಡುವಿಗೆ ನೇರವಾಗಿ ಹಾಯಿಸಿ. ಓರೆಯಾಗಿ ಹೋದರೆ ಆ ಹೂ ಪಕ್ಕಕ್ಕೆ ವಾಲಿ, ಸರ ಹಾವಿನ ಹಾಗೆ ಸೊಟ್ಟಗೆ ಇಳಿಯುತ್ತದೆ.

ಉದ್ದ ಸರದಲ್ಲಿ ಇನ್ನೊಂದು ತೊಂದರೆ. ತೂಕಕ್ಕೆ ಹೂಗಳೆಲ್ಲ ಕೆಳಕ್ಕೆ ಜಾರಿ ಮೇಲೆ ಬರೀ ದಾರ ಕಾಣುತ್ತದೆ. ಎರಡು ಅಡಿಗೊಮ್ಮೆ ಆ ಹೂವಿನ ತೊಟ್ಟಿಗೇ ದಾರ ಸುತ್ತಿ ಒಂದು ಗಂಟು ಹಾಕಿ. ಸರದ ತುದಿಗೆ ಎಲೆಯ ದಂಟಿನ ತುಂಡು ಕಟ್ಟಿದರೆ ಕೊನೆಯ ಹೂ ಕಳಚುವುದಿಲ್ಲ. ಪೋಣಿಸಿದ ಸರಗಳನ್ನು ಗುಡ್ಡೆ ಹಾಕದೆ ಹಗ್ಗದ ಮೇಲೆ ನೇತುಹಾಕಿ, ಪ್ರತಿಯೊಂದಕ್ಕೂ ಉದ್ದ ಬರೆದ ಚೀಟಿ ಕಟ್ಟಿ. ಬೆಳಿಗ್ಗೆ ಅವಸರದಲ್ಲಿ 5 ಅಡಿಯದು ಯಾವುದು, 7 ಅಡಿಯದು ಯಾವುದು ಅಂತ ಅಳೆಯುತ್ತಾ ಕೂರುವ ಹಾಗಿಲ್ಲ.

ಹಾರದಲ್ಲಿ ನಿಮ್ಮ ಕೈಗುಣ ಕಾಣುತ್ತದೆ. ಸುಗಂಧರಾಜದ ದುಂಡು ಹಾರ ಚೆಂದ. ಆದರೆ ಸೀಮಂತಕ್ಕೆ ಅದನ್ನು ನಾನು ಹೇಳುವುದಿಲ್ಲ. ಗರ್ಭಿಣಿಗೆ ಆ ಗಾಢ ವಾಸನೆ ಮೂಗಿನ ಕೆಳಗೇ ಒಂದು ಗಂಟೆ ಇದ್ದರೆ ಹೊಟ್ಟೆ ತೊಳಸಬಹುದು. ಭಾರವೂ ಜಾಸ್ತಿ. ಬಿಳಿ ಸೇವಂತಿಗೆ ಹಗುರ, ವಾಸನೆಯೂ ಮಂದ.

ಐದೈದು ಅಡಿಯ ಎರಡು ಸೇವಂತಿಗೆ ಸರ ಮಾಡಿಕೊಳ್ಳಿ. ಆದರೆ ಕುತ್ತಿಗೆಯ ಹಿಂದೆ ಬರುವ ನಡುಭಾಗದಲ್ಲಿ ಒಂಬತ್ತು ಹತ್ತು ಇಂಚು ಹೂ ಹಾಕದೆ ಬಿಡಿ. ಎರಡೂ ಸರವನ್ನು ಜೋಡಿಸಿ ಸಡಿಲವಾಗಿ ಹೆಣೆದುಕೊಂಡು, ಒಂದೊಂದು ಅಡಿಗೆ ಒಂದು ಕಡೆ ಕಟ್ಟಿ. ಕಟ್ಟಿದ ಜಾಗದಲ್ಲಿ ಒಂದು ಗುಲಾಬಿ, ಅದರ ಸುತ್ತ ದವನದ ಎರಡು ಎಳೆ. ಬಿಟ್ಟ ಜಾಗಕ್ಕೆ ರಿಬ್ಬನ್ ಸುತ್ತಿ. ಇಲ್ಲದಿದ್ದರೆ ದಾರ ಕುತ್ತಿಗೆ ಒತ್ತುತ್ತದೆ, ಮೊಗ್ಗಿನ ಜಡೆ ಹಾಕಿಸಿಕೊಂಡಿದ್ದರೆ ಹೂವಿಗೆ ಹೂ ಸಿಕ್ಕಿಕೊಳ್ಳುತ್ತದೆ. ಎರಡು ತುದಿಯನ್ನೂ ಸೇರಿಸಿ ಕೆಳಗೆ ಕುಚ್ಚು, ಅಂದರೆ ಐದಾರು ಗಿಡ್ಡ ಸರಗಳ ಗೊಂಚಲು, ಕಟ್ಟಿದರೆ ಹಾರ ಮುಗಿಯಿತು.

ಕೊಡುವ ಮುಂಚೆ ಹಾರವನ್ನು ಒಣ ಬಟ್ಟೆಯ ಮೇಲೆ ಹತ್ತು ನಿಮಿಷ ಇಟ್ಟು ನೋಡಿ. ಬಟ್ಟೆ ಒದ್ದೆಯಾದರೆ ರೇಷ್ಮೆ ಸೀರೆಯೂ ಒದ್ದೆಯಾಗುತ್ತದೆ, ಕಲೆ ಉಳಿಯುತ್ತದೆ. ಬಣ್ಣ ಅದ್ದಿದ ನೀಲಿ, ಹಸಿರು ಹೂವನ್ನು ಹಾರಕ್ಕೆ ಹಾಕಲೇಬೇಡಿ. ಲಿಲ್ಲಿ ಹಾಕುವುದಾದರೆ ಕೇಸರ ಕಿತ್ತು ಹಾಕಿ. ಅದರ ಪುಡಿ ಸೀರೆಗೆ ತಾಗಿದರೆ ಹೋಗುವುದೇ ಇಲ್ಲ ಅನ್ನಬಹುದು.

7. ಹಾಲ್‌ನಲ್ಲಿ, ಬೆಳಿಗ್ಗೆ

ಆರೂವರೆಗೆ ಒಳಗೆ ಹೋದರೆ ಒಂಬತ್ತೂವರೆಗೆ ಮುಗಿಯಬೇಕು. ಮೊದಲು ಸ್ಟ್ಯಾಂಡ್, ಅದರ ಕಾಲಿನ ಮೇಲೆ ಮರಳಿನ ಚೀಲ, ಆಮೇಲೆ ಪರದೆ, ಆಮೇಲೆ ಸರ. ಸ್ಟ್ಯಾಂಡನ್ನು ಒಂದು ಸಲ ಕೈಯಿಂದ ಅಲ್ಲಾಡಿಸಿ ನೋಡಿ. ಮಕ್ಕಳು ಪರದೆ ಹಿಂದೆ ಕಣ್ಣಾಮುಚ್ಚಾಲೆ ಆಡೇ ಆಡುತ್ತಾರೆ. ಸರವನ್ನು ನಡುವಿನಿಂದ ಎರಡೂ ಕಡೆಗೆ ಕಟ್ಟುತ್ತಾ ಹೋಗಿ. ಒಂದು ತುದಿಯಿಂದ ಶುರು ಮಾಡಿದರೆ ಕೊನೆಗೆ ಅಂತರ ಹೆಚ್ಚು ಕಡಿಮೆಯಾಗುತ್ತದೆ. ಕುರ್ಚಿ ಹಾಕಿ, ನಿಮ್ಮ ಜೊತೆಯವರನ್ನು ಕೂರಿಸಿ, ಮೊಬೈಲ್‌ನಲ್ಲಿ ಒಂದು ಫೋಟೋ ತೆಗೆಯಿರಿ. ಕಣ್ಣಿಗೆ ಕಾಣದ ಸೊಟ್ಟ ಫೋಟೋದಲ್ಲಿ ಕಾಣುತ್ತದೆ.

ಕುರ್ಚಿಯ ಪಕ್ಕ ಹೂಗುಚ್ಛ ಇಡುವುದಾದರೆ ಫ್ಲೋರಲ್ ಫೋಮ್ ಬೇಕಾಗುತ್ತದೆ. ಅದು ನೀರು ಹೀರಿ ಕಡ್ಡಿ ಹಿಡಿದು ನಿಲ್ಲಿಸುವ ಹಸಿರು ಇಟ್ಟಿಗೆ. ಬಕೆಟ್ ನೀರಿನ ಮೇಲೆ ಅದನ್ನು ತೇಲಿಬಿಟ್ಟು ತಾನಾಗಿ ಮುಳುಗುವವರೆಗೆ ಕಾಯಿರಿ. ಕೈಯಿಂದ ಒತ್ತಿದರೆ ಹೊರಗೆ ಒದ್ದೆ, ನಡುವೆ ಒಣಗಿದ ಗಾಳಿ ಗೂಡು ಉಳಿಯುತ್ತದೆ. ಅಲ್ಲಿಗೆ ಚುಚ್ಚಿದ ಹೂ ಒಂದು ಗಂಟೆಯಲ್ಲಿ ತಲೆ ಬಗ್ಗಿಸುತ್ತದೆ.

ರಂಗೋಲಿ ಎಲ್ಲಕ್ಕಿಂತ ಕೊನೆಗೆ. ಮುಂಚೆ ಹಾಕಿದರೆ ನೀವೇ ಓಡಾಡಿ ಅಳಿಸುತ್ತೀರಿ. ಚೆಂಡು ಹೂವಿನ ಎಸಳನ್ನು ಹಿಂದಿನ ರಾತ್ರಿಯೇ ಬಿಡಿಸಿ ಬುಟ್ಟಿಯಲ್ಲಿ ಸಡಿಲವಾಗಿ ಇಟ್ಟಿರಬಹುದು. ಗುಲಾಬಿಯನ್ನು ಮಾತ್ರ ಬೆಳಿಗ್ಗೆಯೇ ಬಿಡಿಸಿ, ಜಜ್ಜಿದ ಅಂಚು ಬೇಗ ಕಪ್ಪಾಗುತ್ತದೆ. ಬಾಗಿಲ ಎದುರಿಗೇ ಹಾಕದೆ ಪಕ್ಕಕ್ಕೆ ಸರಿಸಿ, ನಡೆಯಲು ಕನಿಷ್ಠ ಮೂರು ಅಡಿ ಬಿಡಿ. ಟೈಲ್ಸ್ ನೆಲದ ಮೇಲೆ ಎಸಳು ತುಳಿದರೆ ಜಾರುತ್ತದೆ. ಸೀಮಂತದ ಮನೆಯಲ್ಲಿ ಇದು ಸಣ್ಣ ಮಾತಲ್ಲ.

ನಡುವೆ ಒಂದು ಮೊಳೆ ಬದಲು ಯಾರಾದರೂ ದಾರದ ತುದಿ ಒತ್ತಿ ಹಿಡಿಯಲಿ, ಇನ್ನೊಂದು ತುದಿಗೆ ಸೀಮೆಸುಣ್ಣ ಕಟ್ಟಿ ವೃತ್ತ ಎಳೆಯಿರಿ. ನಡುವಿನಿಂದ ಹೊರಕ್ಕೆ ತುಂಬಿ. ಪುಡಿ ರಂಗೋಲಿ ಹಾಕುವುದಾದರೆ ಬಿಳಿ ಮಾರ್ಬಲ್ ಮೇಲೆ ಬಣ್ಣದ ಪುಡಿ ನೇರವಾಗಿ ಬೇಡ. ಕೆಳಗೆ ಬಿಳಿ ರಂಗೋಲಿ ಪುಡಿಯ ತೆಳು ಪದರ ಹಾಕಿ ಅದರ ಮೇಲೆ ಬಣ್ಣ ತುಂಬಿ. ಗುಡಿಸುವಾಗಲೂ ಒಣ ಪೊರಕೆಯಿಂದ ಪೂರ್ತಿ ತೆಗೆದ ಮೇಲೆಯೇ ನೀರು. ಒದ್ದೆಯಾದ ಬಣ್ಣ ಕಲ್ಲಿನೊಳಗೆ ಇಳಿಯುತ್ತದೆ.

ದೀಪ ಇಡುವುದಾದರೆ ಪರದೆಯಿಂದ ದೂರ, ಫ್ಯಾನ್ ಹಾಕಿದಾಗ ಬಟ್ಟೆ ಎಲ್ಲಿವರೆಗೆ ಹಾರುತ್ತದೆ ಅಂತ ನೋಡಿಕೊಂಡು.

8. ಕಸುಬು ಅಂತ ದಾಖಲಾಗಲು

ನಾಲ್ಕಾರು ಆರ್ಡರ್ ಆದ ಮೇಲೆ ಪರದೆ, ಸ್ಟ್ಯಾಂಡ್ ಸ್ವಂತದ್ದು ಇದ್ದರೆ ಒಳ್ಳೇದು ಅನ್ನಿಸುತ್ತದೆ. ಆಗ ಕೇಂದ್ರ ಸರ್ಕಾರದ ಪಿಎಂ ವಿಶ್ವಕರ್ಮ ಯೋಜನೆ ನೋಡಿ. 2023ರ ಸೆಪ್ಟೆಂಬರ್ 17ರಂದು ಶುರುವಾದ ಈ ಯೋಜನೆಯಲ್ಲಿ 18 ಕಸುಬುಗಳಿವೆ, ಹೂಮಾಲೆ ಕಟ್ಟುವವರು ಅದರಲ್ಲಿ ಒಬ್ಬರು. ರಂಗೋಲಿ, ವೇದಿಕೆ ಅಲಂಕಾರ ಪಟ್ಟಿಯಲ್ಲಿಲ್ಲ. ಅರ್ಜಿ ಹಾಕುವಾಗ ಮಾಲೆ ಕಟ್ಟುವುದನ್ನೇ ಕಸುಬಾಗಿ ತೋರಿಸಬೇಕು, ಅದು ನಿಜವಾಗಿ ನಿಮಗೆ ಬರಬೇಕು ಕೂಡ. ಪರಿಶೀಲನೆ ಇರುತ್ತದೆ.

ಸಿಗುವುದು ಇಷ್ಟು: ಐದರಿಂದ ಏಳು ದಿನದ ಮೂಲ ತರಬೇತಿ, ಆ ದಿನಗಳಿಗೆ ದಿನಕ್ಕೆ 500 ರೂಪಾಯಿ, ಸಲಕರಣೆಗೆ 15,000 ರೂಪಾಯಿವರೆಗಿನ ಇ-ವೋಚರ್. ವೋಚರ್ ಅಂದರೆ ನಗದು ಕೈಗೆ ಬರಲ್ಲ, ಸಲಕರಣೆಯಾಗಿಯೇ ಪಡೆಯಬೇಕು. ಆಮೇಲೆ ಅಡಮಾನ ಇಲ್ಲದೆ ಶೇಕಡ 5ರ ಬಡ್ಡಿಗೆ ಮೊದಲು 1 ಲಕ್ಷ ರೂಪಾಯಿವರೆಗೆ ಸಾಲ. ಅದನ್ನು 18 ತಿಂಗಳಲ್ಲಿ ತೀರಿಸಬೇಕು. ಸರಿಯಾಗಿ ತೀರಿಸಿದವರಿಗೆ 2 ಲಕ್ಷದವರೆಗೆ ಎರಡನೇ ಕಂತು. ವಯಸ್ಸು 18 ಆಗಿರಬೇಕು, ಒಂದು ಕುಟುಂಬದಿಂದ ಒಬ್ಬರಿಗೆ ಮಾತ್ರ, ಮನೆಯಲ್ಲಿ ಸರ್ಕಾರಿ ನೌಕರರಿದ್ದರೆ ಇಲ್ಲ. ಇಲ್ಲಿ ಕುಟುಂಬ ಅಂದರೆ ಗಂಡ, ಹೆಂಡತಿ ಮತ್ತು ಮದುವೆಯಾಗದ ಮಕ್ಕಳು. ಆಧಾರ್, ಅದಕ್ಕೆ ಸೇರಿಸಿದ ಮೊಬೈಲ್, ಬ್ಯಾಂಕ್ ಪಾಸ್‌ಬುಕ್, ರೇಷನ್ ಕಾರ್ಡ್ ಹಿಡಿದು ಸಾಮಾನ್ಯ ಸೇವಾ ಕೇಂದ್ರಕ್ಕೆ ಹೋಗಿ.

ಉದ್ಯಮ್ ನೋಂದಣಿ, ಅಂದರೆ ನಿಮ್ಮದು ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ದಾಖಲಿಸುವುದು, ಬೇರೆ. ಅದು udyamregistration.gov.in ತಾಣದಲ್ಲಿ ಪೂರ್ತಿ ಉಚಿತ. ದುಡ್ಡು ಕೇಳುವ, ನೋಡಲು ಹಾಗೇ ಇರುವ ಬೇರೆ ತಾಣಗಳಿವೆ, ವಿಳಾಸದ ಕೊನೆಯಲ್ಲಿ gov.in ಇದೆಯಾ ನೋಡಿಕೊಳ್ಳಿ. ಜಿಎಸ್‌ಟಿ ಚಿಂತೆ ಸದ್ಯಕ್ಕೆ ಬೇಡ. ಇಂಥ ಸೇವೆಗೆ ವರ್ಷದ ವಹಿವಾಟು 20 ಲಕ್ಷ ದಾಟಿದ ಮೇಲೆ ಆ ಮಾತು. ಆದರೆ ನೋಟ್‌ಬುಕ್ ಮಾತ್ರ ಮೊದಲ ಆರ್ಡರ್‌ನಿಂದಲೇ ಇರಲಿ: ತಾರೀಕು, ಹೂವಿನ ಕೆ.ಜಿ., ಆ ದಿನದ ಬೆಲೆ, ಪೋಣಿಸಿದ ಅಡಿ, ಹಿಡಿದ ಗಂಟೆ, ಬಂದ ದುಡ್ಡು. ಬ್ಯಾಂಕಿನವರು ಸಾಲಕ್ಕೆ ಮುಂಚೆ ವ್ಯವಹಾರ ಎಷ್ಟು ಅಂತ ಕೇಳಿದಾಗ ತೋರಿಸಲು ಇದೇ ಇರುವುದು. ಮುಂಗಡವನ್ನು ಯುಪಿಐನಲ್ಲಿ ತಗೊಂಡಿದ್ದರೆ ಪಾಸ್‌ಬುಕ್ಕಿನಲ್ಲೂ ಕಾಣುತ್ತದೆ.